ಬಿಳಿ ಗಟ್ಟಿ, ಹಳದಿ ಹರಿಯುವಂತೆ ಮೊಟ್ಟೆ ಬೇಯಿಸುವುದು ಎಷ್ಟು ನಿಮಿಷ?

ಪ್ರಶ್ನೆ: ಹಳದಿ ಗಟ್ಟಿಯಾಗಬಾರದೆಂದು ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸುತ್ತೇನೆ. ಆದರೂ ಬಿಳಿ ಲೋಳೆಲೋಳೆಯಾಗಿ ಉಳಿದು, ಹಳದಿಯೇ ಮೊದಲು ಗಟ್ಟಿಯಾಗುತ್ತದೆ. ಏಕೆ?

ಉತ್ತರ: ಸಣ್ಣ ಉರಿಯೇ ಇದಕ್ಕೆ ಕಾರಣ. ಬಿಳಿಯಲ್ಲಿರುವುದು ಒಂದೇ ಪ್ರೋಟೀನ್ ಅಲ್ಲ. ಅದರಲ್ಲಿ ಓವೋಟ್ರಾನ್ಸ್‌ಫೆರಿನ್ ಎಂಬುದು ಸುಮಾರು 61 ಡಿಗ್ರಿ ಸೆಲ್ಸಿಯಸ್‌ಗೇ ಹೆಪ್ಪುಗಟ್ಟತೊಡಗುತ್ತದೆ. ಬಿಳಿ ಮಸುಕಾಗುವುದು ಆಗಲೇ. ಆದರೆ ಅದರ ಪಾಲು ಚಿಕ್ಕದು. ಅರ್ಧಕ್ಕಿಂತ ಹೆಚ್ಚು ಪಾಲಿರುವ ಓವಾಲ್ಬುಮಿನ್ ಬಿಗಿಯಾಗಲು 80 ಡಿಗ್ರಿಯಷ್ಟು ಬಿಸಿ ಬೇಕು. ಹಳದಿಯಾದರೋ 65 ಡಿಗ್ರಿಯ ಆಸುಪಾಸಿನಲ್ಲಿ ದಪ್ಪವಾಗಿ, 70ಕ್ಕೆ ಗಟ್ಟಿಯಾಗಿಬಿಡುತ್ತದೆ.

ಅಂದರೆ ಮೊದಲು ಮಸುಕಾಗುವುದು ಬಿಳಿ, ಪೂರ್ತಿ ಬಿಗಿಯಾಗುವುದರಲ್ಲಿ ಕೊನೆಯದೂ ಬಿಳಿಯೇ. ಇಡೀ ಮೊಟ್ಟೆಯನ್ನು ಒಂದೇ ಹದದ ಬಿಸಿಯಲ್ಲಿಟ್ಟರೆ ಹಳದಿಯೇ ಗೆಲ್ಲುತ್ತದೆ. ಜಪಾನಿನ ‘ಒನ್‌ಸೆನ್ ತಮಾಗೊ’ ಇದನ್ನೇ ಬೇಕೆಂದು ಮಾಡಿದ್ದು: 65–70 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಇಟ್ಟ ಮೊಟ್ಟೆಯಲ್ಲಿ ಹಳದಿ ಬೆಣ್ಣೆಯಂತಿರುತ್ತದೆ, ಬಿಳಿ ಸಡಿಲವಾಗಿ ಜಾರುತ್ತದೆ.

ನಿಮಗೆ ಬೇಕಾದದ್ದು ಇದರ ತದ್ವಿರುದ್ಧ. ಅದಕ್ಕಿರುವ ದಾರಿ ಎಂದರೆ ಬಿಸಿ ಹೊರಗಿನಿಂದ ಒಳಕ್ಕೆ ಹೋಗಲು ಹೊತ್ತು ಹಿಡಿಯುತ್ತದೆ ಎಂಬುದನ್ನು ಬಳಸಿಕೊಳ್ಳುವುದು. ಹೊರಗಿನ ಬಿಳಿ 80 ದಾಟಿರಬೇಕು, ನಡುವಿನ ಹಳದಿ 65ಕ್ಕಿಂತ ಕೆಳಗೇ ಇರಬೇಕು. ಆದ್ದರಿಂದ ಕುದಿಯುವ ನೀರೇ ಸರಿ.

ನಾಲ್ಕು ಮೊಟ್ಟೆಗೆ ಒಂದೂವರೆ ಲೀಟರ್ ನೀರಿಡಿ. ನೀರು ಕಡಿಮೆಯಾದರೆ ತಣ್ಣನೆಯ ಮೊಟ್ಟೆ ಬಿದ್ದೊಡನೆ ಕುದಿ ನಿಂತು ಲೆಕ್ಕ ತಪ್ಪುತ್ತದೆ. ನೀರು ಕುದಿ ಬಂದ ಮೇಲೆ ಸೌಟಿನಿಂದ ಮೊಟ್ಟೆಗಳನ್ನು ಮೆಲ್ಲಗೆ ಇಳಿಸಿ, ಆ ಕ್ಷಣದಿಂದ ಎಣಿಸಿ. ಸುಮಾರು 55 ಗ್ರಾಂ ತೂಕದ, ಫ್ರಿಜ್‌ನಿಂದ ತೆಗೆದ ಮೊಟ್ಟೆಗೆ 6 ನಿಮಿಷ, ಹೊರಗಿಟ್ಟದ್ದಾದರೆ ಐದೂವರೆ. ಬೆಂಗಳೂರು, ಮಡಿಕೇರಿಯಂಥ ಎತ್ತರದ ಊರುಗಳಲ್ಲಿ ನೀರು 96–97 ಡಿಗ್ರಿಗೇ ಕುದಿಯುವುದರಿಂದ ಇನ್ನೊಂದು 20 ಸೆಕೆಂಡು ಸೇರಿಸಿ. ನಾಟಿ ಕೋಳಿಯ ಮೊಟ್ಟೆ ಚಿಕ್ಕದಾದ್ದರಿಂದ ಅರ್ಧ ನಿಮಿಷ ಕಡಿಮೆ ಸಾಕು.

ಹೊತ್ತಾದೊಡನೆ ಐಸ್ ನೀರಿಗೆ ಹಾಕಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಒಲೆಯಿಂದ ಇಳಿಸಿದರೂ ಬಿಳಿಯಲ್ಲಿ ತುಂಬಿರುವ ಬಿಸಿ ಒಳಕ್ಕೆ ಹರಿಯುತ್ತಲೇ ಇದ್ದು, ತಟ್ಟೆಯ ಮೇಲೆಯೇ ಹಳದಿಯನ್ನು ಗಟ್ಟಿಮಾಡುತ್ತದೆ. ಎರಡು ನಿಮಿಷ ತಣಿಸಿದರೆ ಸಾಕು.

ಮೊದಲ ಮೊಟ್ಟೆಯನ್ನು ಕತ್ತರಿಸಿ ನೋಡಿ. ಹಳದಿಗೆ ಅಂಟಿಕೊಂಡ ಬಿಳಿ ಇನ್ನೂ ಪಾರದರ್ಶಕವಾಗಿದ್ದರೆ ಮುಂದಿನ ಸಲ ಅರ್ಧ ನಿಮಿಷ ಹೆಚ್ಚಿಸಿ. ಹಳದಿಯ ಅಂಚಿನಲ್ಲಿ ತಿಳಿಬಣ್ಣದ ಗಟ್ಟಿ ಉಂಗುರ ಕಂಡರೆ ಅಷ್ಟೇ ತಗ್ಗಿಸಿ. ಹರಿಯುವ ಹಳದಿಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಸತ್ತಿರುತ್ತದೆ ಎಂಬ ಭರವಸೆಯಿಲ್ಲ. ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ, ವಯಸ್ಸಾದವರಿಗೆ ಪೂರ್ತಿ ಬೆಂದದ್ದನ್ನೇ ಕೊಡಿ.