ಸಿಗ್ನಲ್ ಹೋದದ್ದು ಎಷ್ಟು ಗಂಟೆಗೆ? ಸಿಮ್ ಸ್ವಾಪ್ ದೂರು ನಿಲ್ಲುವುದೇ ಇದರ ಮೇಲೆ

ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕ್ 2009ರಲ್ಲಿ ಕಡ್ಡಾಯ ಮಾಡಿತು. ಬರಬರುತ್ತಾ ಬ್ಯಾಂಕುಗಳು ಮೊಬೈಲಿಗೆ ಬರುವ ಒಟಿಪಿಯನ್ನೇ ನೆಚ್ಚಿಕೊಂಡವು. ಅಲ್ಲಿಗೆ ಸಿಮ್ಮೇ ಖಾತೆಯ ಬೀಗದ ಕೈಯಾಯಿತು. ಆದರೆ ಡೂಪ್ಲಿಕೇಟ್ ಸಿಮ್ ಮಾತ್ರ ಮೊದಲಿನ ಹಾಗೇ ಅಂಗಡಿ ಕೌಂಟರಿನಲ್ಲಿ ಸಿಗುತ್ತಿತ್ತು. ಕಳ್ಳ ನಿಮ್ಮ ನಂಬರಿಗೆ ಅದನ್ನು ಪಡೆದರೆ ನಿಮ್ಮ ಸಿಮ್ ಸಾಯುತ್ತದೆ, ಒಟಿಪಿ ಅವನ ಕೈಗೆ ಹೋಗುತ್ತದೆ. ಇದೇ ಸಿಮ್ ಸ್ವಾಪ್.

ಇದರ ಬಿಸಿ ಗೊತ್ತಾಗಲು ರಾಜಸ್ಥಾನದ ಒಂದು ಪ್ರಕರಣ ನೋಡಿ. 2017ರ ಮೇ ತಿಂಗಳಲ್ಲಿ ಒಬ್ಬರ ಫೋನಿನ ಸಿಗ್ನಲ್ ಹೋಯಿತು. ಹನುಮಾನ್‌ಗಢದ ಸ್ಟೋರಿಗೆ ಹೋಗಿ ಹೊಸ ಸಿಮ್ ತಂದರು, ಚಾಲೂ ಆಗಲಿಲ್ಲ. ಜೈಪುರಕ್ಕೂ ಹೋದರು. ನಂಬರ್ ಮತ್ತೆ ಕೈಗೆ ಬರುವಷ್ಟರಲ್ಲಿ 68.5 ಲಕ್ಷ ರೂಪಾಯಿ ಮಾಯ. ಪೊಲೀಸ್ ದೂರಿನ ನಂತರ 44 ಲಕ್ಷ ವಾಪಸ್ ಬಂತು. ದಾಖಲೆ ಸರಿಯಾಗಿ ನೋಡದೆ ಡೂಪ್ಲಿಕೇಟ್ ಸಿಮ್ ಕೊಟ್ಟದ್ದಕ್ಕೆ ಮೊಬೈಲ್ ಕಂಪನಿ ಸುಮಾರು 27.5 ಲಕ್ಷ ಕೊಡಬೇಕೆಂದು 2021ರಲ್ಲಿ ಆದೇಶವಾಯಿತು. ಹಣ ಹೋದದ್ದು ಬ್ಯಾಂಕಿನಿಂದ, ತಪ್ಪು ಸಿಕ್ಕಿದ್ದು ಸಿಮ್ ಕೊಟ್ಟಲ್ಲಿ!

ನಿಯಮ ಬಿಗಿಯಾದದ್ದು ಆಮೇಲೆ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬಂದ್ ಎಂಬ ಸೂಚನೆ 2022ರ ನವೆಂಬರಿನಲ್ಲಿ ಹೊರಟಿತು. ಬದಲಿ ಸಿಮ್ ಪಡೆದ 7 ದಿನ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡುವಂತಿಲ್ಲ ಎಂಬುದು 2024ರ ಜುಲೈಯಿಂದ ಜಾರಿಗೆ ಬಂತು.

ಹಾಗಾಗಿ ದೂರು ಬರೆಯುವಾಗ ಗಂಟೆ, ನಿಮಿಷ ಮುಖ್ಯ. ಸಿಗ್ನಲ್ ಹೋದದ್ದು ಯಾವಾಗ, ಕಸ್ಟಮರ್ ಕೇರಿಗೆ ಹೇಳಿದ್ದು ಯಾವಾಗ, ಅವರು ಕೊಟ್ಟ ದೂರಿನ ನಂಬರ್ ಯಾವುದು, ಹಣ ಹೋದದ್ದು ಯಾವಾಗ. 'ಸಿಮ್ ಬದಲಾವಣೆ ಕೋರಿಕೆ' ಎಂದು ಬಂದ ಮೆಸೇಜು, ಪ್ರತಿ ವರ್ಗಾವಣೆಯ ಗುರುತಿನ ಸಂಖ್ಯೆಯಾದ ಯುಟಿಆರ್ ನಂಬರಿರುವ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ. ಸತ್ತ ಸಿಮ್ ಎಸೆಯಬೇಡಿ. ಅದರ ಬೆನ್ನ ಮೇಲಿನ ಉದ್ದದ ಅಂಕಿ, ಅಸಲಿ ಸಿಮ್ ನಿಮ್ಮ ಹತ್ತಿರವೇ ಇತ್ತು ಎಂಬುದಕ್ಕೆ ಸಾಕ್ಷಿ. ಫೋನನ್ನು ಸುಮ್ನೆ ಫಾರ್ಮ್ಯಾಟ್ ಮಾಡಿಬಿಡಬೇಡಿ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಬ್ಯಾಂಕಿಗೆ ಲಿಖಿತ ದೂರು. ಆಮೇಲೆ ನಮ್ಮ ಕರ್ನಾಟಕದಲ್ಲಾದರೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ.

ಪೊಲೀಸರು ಎರಡು ದಾರಿ ಹಿಡಿಯುತ್ತಾರೆ. ಒಂದು ಸಿಮ್ಮಿನದು: ಅರ್ಜಿ, ಅದರ ಫೋಟೊ, ಕೊಟ್ಟ ಅಂಗಡಿಯ ಕೋಡ್. ಫೋಟೊ ಬಹಳ ಸಲ ಯಾರದೋ ಇರುತ್ತದೆ. ಜಾಸ್ತಿ ಕೆಲಸಕ್ಕೆ ಬರುವುದು ಆ ಸಿಮ್ ಹಾಕಿದ ಹ್ಯಾಂಡ್‌ಸೆಟ್ಟಿನ ಗುರುತಿನ ಸಂಖ್ಯೆ, ಅಂದರೆ ಐಎಂಇಐ. ಕಳ್ಳ ಸಿಮ್ ಎಸೆದರೂ ಫೋನು ಬದಲಿಸದಿದ್ದರೆ, ಅದರಲ್ಲೇ ಓಡಿದ ಬೇರೆ ನಂಬರುಗಳು ಕಂಪನಿಯ ದಾಖಲೆಯಲ್ಲಿ ಸಿಗುತ್ತವೆ, ಅವುಗಳ ಟವರೂ ಸಿಗುತ್ತದೆ. ಇನ್ನೊಂದು ಹಣದ ದಾರಿ: ಖಾತೆಯಿಂದ ಖಾತೆಗೆ, ಕೊನೆಗೆ ಎಟಿಎಂ. ಅಲ್ಲಿನ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲೇ ಪೊಲೀಸರು ಕೇಳಬೇಕು. ಮೊದಲು ಸಿಕ್ಕಿಬೀಳುವವನು ಸಾಮಾನ್ಯವಾಗಿ ಕಮಿಷನ್ನಿಗೆ ಖಾತೆ ಕೊಟ್ಟವನು. ಅಸಲಿ ಕೈ ಅವನ ಹಿಂದೆ ಇರುತ್ತದೆ.

ಗುರುತು ಕದ್ದದ್ದಕ್ಕೆ ಐಟಿ ಕಾಯ್ದೆಯ 66ಸಿ ಕಲಂ ಇದೆ, 3 ವರ್ಷದವರೆಗೆ ಜೈಲು. ಆದರೆ ಕಳ್ಳ ಸಿಗಲಿ ಎಂದು ಕಾಯುತ್ತಾ ಕೂರಬೇಕಿಲ್ಲ. ರಾಜಸ್ಥಾನದವರಂತೆ ಐಟಿ ಕಾಯ್ದೆಯಡಿ ಪರಿಹಾರ ತೀರ್ಮಾನಿಸುವ ರಾಜ್ಯದ ಅಡ್ಜುಡಿಕೇಟಿಂಗ್ ಅಧಿಕಾರಿಯ ಮುಂದೆ 5 ಕೋಟಿವರೆಗಿನ ಪರಿಹಾರ ಕೇಳಬಹುದು. ಪೊಲೀಸ್ ಕೇಸು ಅದರ ಪಾಡಿಗೆ ನಡೆಯುತ್ತದೆ.