ಮೂವತ್ತು ಸಾವಿರ ರೂಪಾಯಿ ಯಾರ ಸಾಲ? ಇ-ರೂಪಾಯಿ, ಬಿಟ್‌ಕಾಯಿನ್, ಬ್ಯಾಂಕ್ ಠೇವಣಿ

ಬ್ಯಾಂಕಿಂಗ್ ಪರೀಕ್ಷೆಗೆ ಓದುವ ನಮ್ಮ ಕೋಲಾರದ ಗೆಳೆಯರ ಗುಂಪಿನಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. "ಜನ ಕ್ರಿಪ್ಟೋ ಕೊಂಡರೆ ಬ್ಯಾಂಕಿನ ದುಡ್ಡು ಖಾಲಿಯಾಗುತ್ತೆ. ಇ-ರೂಪಾಯಿಗೆ ಆ ತೊಂದರೆ ಇಲ್ಲ, ಅದು ನಮ್ಮದೇ ರೂಪಾಯಿ ಅಲ್ವಾ?" ಇ-ರೂಪಾಯಿ ಅಂದರೆ ಆರ್‌ಬಿಐಯೇ ಹೊರಡಿಸುವ ಡಿಜಿಟಲ್ ರೂಪಾಯಿ, ಹಾಗಾಗಿ ಈ ಮಾತು ಕೇಳೋಕೆ ಸರಿ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಉಲ್ಟಾ. ಅದೊಂದನ್ನು ಬಿಡಿಸಿಕೊಂಡರೆ ಈ ಪಾಠದ ಮುಕ್ಕಾಲು ಭಾಗ ಕೈಗೆ ಸಿಕ್ಕಂತೆ.

ಒಂದು ವ್ಯವಹಾರ ಹಿಡಿದುಕೊಳ್ಳೋಣ. ಕೋಲಾರ ಎಪಿಎಂಸಿಯಲ್ಲಿ ರೈತರೊಬ್ಬರು 15 ಕೆ.ಜಿ.ಯ 100 ಬಾಕ್ಸ್ ಟೊಮೆಟೊ ಇಳಿಸಿದ್ದಾರೆ. ಹರಾಜಿನಲ್ಲಿ ಬಾಕ್ಸಿಗೆ 300 ರೂಪಾಯಿ ಕೂಗಿದೆ. ಕಮಿಷನ್, ಹಮಾಲಿ ಎಲ್ಲ ಬಿಟ್ಟುಬಿಡಿ. ಮಂಡಿಯವರು ರೈತರಿಗೆ ಕೊಡಬೇಕಾದ್ದು 30,000. ಮಂಡಿಯವರ ಖಾತೆ 'ಅ' ಬ್ಯಾಂಕಿನಲ್ಲಿದೆ, ರೈತರದ್ದು 'ಬ' ಬ್ಯಾಂಕಿನಲ್ಲಿ. ಇದೇ 30,000ವನ್ನು ಮೂರು ದಾರಿಯಲ್ಲಿ ಕಳಿಸಿ ನೋಡೋಣ. ಪ್ರತಿ ಸಲ ಕೇಳಬೇಕಾದ ಪ್ರಶ್ನೆ ಒಂದೇ: ರೈತರ ಕೈಗೆ ಬಂದಿದ್ದು ಯಾರ ಹೊಣೆ? ಅಂದರೆ, ಅದನ್ನು ತೀರಿಸಬೇಕಾದವರು ಯಾರು?

ಮೊದಲ ದಾರಿ: ಯುಪಿಐ, ಅಂದರೆ ಬ್ಯಾಂಕ್ ಠೇವಣಿ

ಮಂಡಿಯವರು ಫೋನಿನಲ್ಲಿ ಕಳಿಸುತ್ತಾರೆ, ರೈತರ ಫೋನು ಟಣ್ ಅನ್ನುತ್ತದೆ. 'ಅ' ಬ್ಯಾಂಕು ಮಂಡಿಯವರಿಗೆ ಕೊಡಬೇಕಾಗಿದ್ದ ಸಾಲ 30,000 ಕಡಿಮೆಯಾಯಿತು. 'ಬ' ಬ್ಯಾಂಕು ರೈತರಿಗೆ ಕೊಡಬೇಕಾದ ಸಾಲ ಅಷ್ಟೇ ಜಾಸ್ತಿಯಾಯಿತು. ಹೌದು, ಸಾಲವೇ. ನಮ್ಮ ಖಾತೆಯಲ್ಲಿ ಕಾಣುವ ಅಂಕಿ ಬ್ಯಾಂಕು ನಮಗೆ ಬಾಕಿ ಇರುವ ಮೊತ್ತ. ಅಷ್ಟು ನೋಟು ನಮ್ಮ ಹೆಸರಲ್ಲಿ ಎಲ್ಲೂ ಎತ್ತಿಟ್ಟಿರುವುದಿಲ್ಲ.

ಬ್ಯಾಂಕುಗಳ ನಡುವಿನ ಲೆಕ್ಕ ಆಮೇಲೆ ಚುಕ್ತಾ ಆಗುತ್ತದೆ. ಸಾಮಾನ್ಯವಾಗಿ ಬ್ಯಾಂಕುಗಳಿಗೆ ಆರ್‌ಬಿಐನಲ್ಲಿ ಒಂದು ಖಾತೆ ಇರುತ್ತದೆ. ಯುಪಿಐ ವ್ಯವಹಾರಗಳ ನಿವ್ವಳ ಲೆಕ್ಕವನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಕಂತುಗಳಲ್ಲಿ ಕಟ್ಟಿ ಕಳಿಸುತ್ತದೆ, ಆರ್‌ಬಿಐ ಖಾತೆಗಳಲ್ಲಿ ಆ ದುಡ್ಡು ಆಚೀಚೆ ಆಗುತ್ತದೆ. 'ಅ' ಬ್ಯಾಂಕಿನ ಖಾತೆಯಿಂದ 30,000 ಹೋಯಿತು, 'ಬ' ಬ್ಯಾಂಕಿಗೆ ಬಂತು. ದೇಶದ ಒಟ್ಟು ಠೇವಣಿ ಎಷ್ಟಿತ್ತೋ ಅಷ್ಟೇ ಇದೆ.

ಇಲ್ಲಿ ರೈತರ ಅಪಾಯ ಏನಿದ್ದರೂ 'ಬ' ಬ್ಯಾಂಕಿನದ್ದು. ಅದು ಮುಳುಗಿದರೆ ಠೇವಣಿಗೆ ವಿಮೆ ಕೊಡುವ ಆರ್‌ಬಿಐ ಅಂಗಸಂಸ್ಥೆ ಡಿಐಸಿಜಿಸಿಯ ವಿಮೆ ಇದೆ: ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಬಡ್ಡಿ ಸೇರಿ 5 ಲಕ್ಷದವರೆಗೆ. 2020ರ ಫೆಬ್ರವರಿ 4ಕ್ಕಿಂತ ಮೊದಲು ಇದು ಬರೀ 1 ಲಕ್ಷ ಇತ್ತು. ಅದೇ ವರ್ಷ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹಾಕಿದಾಗ, ಖಾತೆಯಲ್ಲಿ ಎಷ್ಟೇ ಇದ್ದರೂ 35,000ಕ್ಕಿಂತ ಜಾಸ್ತಿ ತೆಗೆಯುವ ಹಾಗಿರಲಿಲ್ಲ. ಠೇವಣಿ ಬೇರೆ, ಕೈಯಲ್ಲಿರುವ ನೋಟು ಬೇರೆ ಅನ್ನುವುದು ಇಂಥ ಹೊತ್ತಿನಲ್ಲೇ ಗೊತ್ತಾಗೋದು.

ಎರಡನೇ ದಾರಿ: ಇ-ರೂಪಾಯಿ

ಜನಸಾಮಾನ್ಯರ ಇ-ರೂಪಾಯಿ ಪ್ರಯೋಗ 2022ರ ಡಿಸೆಂಬರ್ 1ರಂದು ಶುರುವಾಯಿತು. ಮೊದಲ ನಾಲ್ಕು ಊರುಗಳಲ್ಲಿ ಬೆಂಗಳೂರೂ ಒಂದು. ಆ ವರ್ಷದ ಹಣಕಾಸು ಕಾಯ್ದೆಯಲ್ಲಿ ಆರ್‌ಬಿಐ ಕಾಯ್ದೆಯ 'ಬ್ಯಾಂಕ್ ನೋಟು' ಅನ್ನುವುದರ ಅರ್ಥಕ್ಕೆ ಡಿಜಿಟಲ್ ರೂಪವನ್ನೂ ಸೇರಿಸಿದರು. ಹಾಗಾಗಿ ಕಾನೂನಿನ ಕಣ್ಣಿಗೆ ಇದು ನೋಟೇ. ನೋಟಿನ ಮುಖಬೆಲೆಗಳಲ್ಲೇ ಬರುತ್ತದೆ, ನೋಟಿನ ಹಾಗೇ ಬಡ್ಡಿ ಇಲ್ಲ.

ಈಗ ಮಂಡಿಯವರು 'ಅ' ಬ್ಯಾಂಕಿನ ಇ-ರೂಪಾಯಿ ವ್ಯಾಲೆಟ್‌ಗೆ 30,000 ತುಂಬಿಸುತ್ತಾರೆ. ಈ ಹೆಜ್ಜೆಯಲ್ಲೇ ಇಡೀ ಪಾಠ ಇರೋದು, ನಿಧಾನವಾಗಿ ನೋಡಿ.

'ಅ' ಬ್ಯಾಂಕಿನ ಲೆಕ್ಕ: ಠೇವಣಿ 30,000 ಇಳಿಯಿತು. ಆರ್‌ಬಿಐನಲ್ಲಿರುವ ಅದರ ಖಾತೆಯೂ 30,000 ಇಳಿಯಿತು.
ಆರ್‌ಬಿಐ ಲೆಕ್ಕ: 'ಅ' ಬ್ಯಾಂಕಿಗೆ ಕೊಡಬೇಕಾದ್ದು 30,000 ಇಳಿಯಿತು. ಚಲಾವಣೆಯಲ್ಲಿರುವ ಇ-ರೂಪಾಯಿ 30,000 ಏರಿತು.

ವ್ಯಾಲೆಟ್ ಆ್ಯಪ್ ಮೇಲೆ ಬ್ಯಾಂಕಿನ ಹೆಸರಿದೆ ಅಂತ ಏಮಾರಬೇಡಿ. ಒಳಗಿರುವ ದುಡ್ಡು ಆರ್‌ಬಿಐ ಹೊಣೆ, ಬ್ಯಾಂಕಿನದ್ದಲ್ಲ. ನಾಳೆ 'ಅ' ಬ್ಯಾಂಕು ಮುಳುಗಿದರೂ ಅದು ಬ್ಯಾಂಕಿಗೆ ಸಾಲ ಕೊಟ್ಟವರ ಪಾಲಾಗುವುದಿಲ್ಲ, ಅದಕ್ಕೆ 5 ಲಕ್ಷದ ವಿಮೆಯೂ ಬೇಕಿಲ್ಲ. ಅಲ್ಲಿಂದ ರೈತರ ವ್ಯಾಲೆಟ್‌ಗೆ ಕಳಿಸಿದಾಗ ಬ್ಯಾಂಕುಗಳ ನಡುವೆ ಚುಕ್ತಾ ಮಾಡೋಕೆ ಏನೂ ಉಳಿದಿಲ್ಲ. ಆರ್‌ಬಿಐನ ಹೊಣೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು, ಅಷ್ಟೇ.

ಆದರೆ ಬ್ಯಾಂಕುಗಳ ಒಟ್ಟು ಠೇವಣಿ 30,000 ಕಡಿಮೆಯಾಗಿದೆ. 'ಬ' ಬ್ಯಾಂಕಿಗೂ ಅದು ಬಂದಿಲ್ಲ. ಯುಪಿಐಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ.

ಮೂರನೇ ದಾರಿ: ಬಿಟ್‌ಕಾಯಿನ್

ಮಂಡಿಯವರು ಕ್ರಿಪ್ಟೋ ಕೊಂಡು ಮಾರುವ ಎಕ್ಸ್‌ಚೇಂಜ್ ಒಂದರಲ್ಲಿ 30,000ಕ್ಕೆ ಬಿಟ್‌ಕಾಯಿನ್ ಕೊಂಡರು ಅಂದುಕೊಳ್ಳಿ. ಅವರ ಠೇವಣಿ ಎಲ್ಲಿಗೆ ಹೋಯಿತು? ಬಿಟ್‌ಕಾಯಿನ್ ಒಳಗೆ ಹೋಗಲಿಲ್ಲ, ಅಲ್ಲಿ ರೂಪಾಯಿ ಇಡೋಕೆ ಜಾಗವೇ ಇಲ್ಲ. ಅದು ಬಿಟ್‌ಕಾಯಿನ್ ಮಾರಿದವರ ಖಾತೆಗೆ ಹೋಯಿತು. ಆ ಮಾರಾಟಗಾರರೂ ಭಾರತದವರೇ ಆಗಿದ್ದರೆ ದೇಶದ ಒಟ್ಟು ಠೇವಣಿಯಲ್ಲಿ ಒಂದು ಪೈಸೆಯೂ ಕಡಿಮೆಯಾಗಿಲ್ಲ. ನಮ್ಮ ಗುಂಪಿನ ಆ ಮಾತು ಬೀಳೋದು ಇಲ್ಲೇ. ಬ್ಯಾಂಕಿನಿಂದ ನಿಜವಾಗಿ ದುಡ್ಡು ಹೊರಗೆ ಹೋಗೋದು ಇ-ರೂಪಾಯಿಯಲ್ಲಿ, ಕ್ರಿಪ್ಟೋದಲ್ಲಿ ಅಲ್ಲ.

ಹಾಗಂತ ರೈತರಿಗೆ ಇದು ಒಳ್ಳೆಯದು ಅಂತಲ್ಲ. ಅವರ ಕೈಗೆ ಬಂದ ಬಿಟ್‌ಕಾಯಿನ್ ಯಾರ ಹೊಣೆಯೂ ಅಲ್ಲ. ಬದಲಿಗೆ ರೂಪಾಯಿ ಕೊಡಿ ಅಂತ ಯಾರನ್ನೂ ಕೇಳೋಕೆ ಆಗಲ್ಲ. ಕೊಳ್ಳುವವರು ಸಿಗಬೇಕು, ಸಿಕ್ಕಷ್ಟೇ ಬೆಲೆ. ವ್ಯವಹಾರಗಳ ಕಂತೆ, ಅಂದರೆ ಬ್ಲಾಕ್, ಸುಮಾರು 10 ನಿಮಿಷಕ್ಕೊಂದರಂತೆ ಬಿಟ್‌ಕಾಯಿನ್ ಲೆಕ್ಕಕ್ಕೆ ಸೇರುವುದರಿಂದ ಪಾವತಿ ಖಚಿತ ಆಗೋಕೂ ಕಾಯಬೇಕು. ಬೆಳಿಗ್ಗೆ 30,000 ಇದ್ದದ್ದು ರಾತ್ರಿ 27,000ಕ್ಕೆ ಇಳಿದು, ಆಗ ಎಕ್ಸ್‌ಚೇಂಜ್‌ನಲ್ಲಿ ಮಾರಿದರೆ 1% ಟಿಡಿಎಸ್ ಅಂತ 270 ಹಿಡಿಯುತ್ತಾರೆ. ಟಿಡಿಎಸ್ ಆಮೇಲೆ ತೆರಿಗೆ ಲೆಕ್ಕಕ್ಕೆ ಸೇರುತ್ತದೆ ಅನ್ನಿ. ಆದರೆ ಆ 3,000 ನಷ್ಟವನ್ನು ಬೇರೆ ಯಾವ ಲಾಭದ ಎದುರಿಗೂ ಕಳೆಯುವಂತಿಲ್ಲ. ಲಾಭ ಬಂದರೆ ಮಾತ್ರ 30% ತೆರಿಗೆ ಕಟ್ಟಬೇಕು, ಅದರ ಮೇಲೆ ಸೆಸ್ ಬೇರೆ.

ಇನ್ನೊಂದು ಇದೆ. ಬಿಟ್‌ಕಾಯಿನ್ ಎಕ್ಸ್‌ಚೇಂಜ್‌ನಲ್ಲೇ ಬಿಟ್ಟಿದ್ದರೆ, ನಿಮ್ಮ ಹತ್ತಿರ ಇರೋದು ಬಿಟ್‌ಕಾಯಿನ್ ಅಲ್ಲ, ಆ ಕಂಪನಿ ಕೊಡಬೇಕಾದ ಬಾಕಿ. ಠೇವಣಿಯ ಹಾಗೇ, ಆದರೆ ಡಿಐಸಿಜಿಸಿ ವಿಮೆ ಇಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಅನ್ನುವ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಕಳುವಾದಾಗ ಗ್ರಾಹಕರು ಸಿಕ್ಕಿಕೊಂಡಿದ್ದು ಇದರಲ್ಲೇ.

ಬ್ಯಾಂಕಿಗೆ ಯಾಕೆ ಬಿಸಿ ತಟ್ಟುತ್ತದೆ

ಮತ್ತೆ ಎರಡನೇ ದಾರಿಗೆ ಬರೋಣ. 30,000ಕ್ಕೆ ಯಾವ ಬ್ಯಾಂಕೂ ಅಲ್ಲಾಡುವುದಿಲ್ಲ. ಲೆಕ್ಕವನ್ನು ದೊಡ್ಡದು ಮಾಡೋಣ. ಒಂದು ಸಣ್ಣ ಬ್ಯಾಂಕಿನ ಠೇವಣಿ 100 ಕೋಟಿ ಅನ್ನಿ. ಠೇವಣಿಯಲ್ಲಿ ಆರ್‌ಬಿಐ ಬಳಿ ಮೀಸಲಾಗಿ ಇಡಲೇಬೇಕಾದ ಪಾಲು, ಅಂದರೆ ಸಿಆರ್‌ಆರ್, 3% ಅಂತ ಇಟ್ಟುಕೊಂಡರೆ ಆರ್‌ಬಿಐ ಖಾತೆಯಲ್ಲಿ 3 ಕೋಟಿ ಇದೆ. ಉಳಿದದ್ದು ಸರ್ಕಾರಿ ಬಾಂಡು, ಬೆಳೆ ಸಾಲ, ಮನೆ ಸಾಲ. ಯಾವುದೋ ಗಾಳಿಸುದ್ದಿ ಹಬ್ಬಿ ಒಂದೇ ರಾತ್ರಿ 2 ಕೋಟಿ ಠೇವಣಿ ಇ-ರೂಪಾಯಿಗೆ ಬದಲಾಯಿತು. ಆರ್‌ಬಿಐ ಖಾತೆಯಲ್ಲಿ ಉಳಿದದ್ದು 1 ಕೋಟಿ. 98 ಕೋಟಿ ಠೇವಣಿಗೆ ಇರಬೇಕಾದ್ದು 2.94 ಕೋಟಿ. ಕೊರತೆ 1.94 ಕೋಟಿ. ಠೇವಣಿ ಹೋದದ್ದು ನೂರಕ್ಕೆ ಎರಡು, ಮೀಸಲು ಹೋದದ್ದು ಮೂರರಲ್ಲಿ ಎರಡು ಪಾಲು.

ಯುಪಿಐ ಮೂಲಕ ಹೋಗಿದ್ದರೂ ಈ ಬ್ಯಾಂಕಿಗೆ ಇದೇ ಕೊರತೆ ಬರುತ್ತಿತ್ತು, ನಿಜ. ಆದರೆ ಆಗ ಆ 2 ಕೋಟಿ ಇನ್ನೊಂದು ಬ್ಯಾಂಕಿನ ಆರ್‌ಬಿಐ ಖಾತೆಯಲ್ಲಿ ಹೆಚ್ಚುವರಿಯಾಗಿ ಕೂತಿರುತ್ತದೆ. ಬ್ಯಾಂಕುಗಳು ಒಂದಕ್ಕೊಂದು ಒಂದು ದಿನದ ಮಟ್ಟಿಗೆ ಸಾಲ ಕೊಡುವ ಕಾಲ್ ಮನಿ ಮಾರುಕಟ್ಟೆಯಲ್ಲಿ ಅಲ್ಲಿಂದಲೇ ಸಾಲ ಎತ್ತಬಹುದು. ಇ-ರೂಪಾಯಿಗೆ ಹೋದರೆ ಯಾವ ಬ್ಯಾಂಕಿನಲ್ಲೂ ಆ ಹೆಚ್ಚುವರಿ ಇರುವುದಿಲ್ಲ. ಕೊನೆಗೆ ಆರ್‌ಬಿಐ ಒಳಗೆ ದುಡ್ಡು ಬಿಡಬೇಕು, ಇಲ್ಲವಾದರೆ ಬ್ಯಾಂಕು ಸಾಲ ಕೊಡುವ ಕೈ ಬಿಗಿ ಮಾಡಬೇಕು.

"ಎಟಿಎಂನಿಂದ ನೋಟು ತೆಗೆದರೂ ಹೀಗೇ ಅಲ್ವಾ?" ಹೀಗೇ. ಹಬ್ಬದ ದಿನಗಳಲ್ಲಿ ಜನ ನಗದು ತೆಗೆದಾಗ ಬ್ಯಾಂಕುಗಳಿಗೆ ದುಡ್ಡು ಬಿಗಿಯಾಗೋದು ಇದೇ ಕಾರಣಕ್ಕೆ. ವ್ಯತ್ಯಾಸ ಇರೋದು ವೇಗದಲ್ಲಿ. ಎಟಿಎಂಗೆ ಮಿತಿ ಇದೆ, ಕ್ಯೂ ಇದೆ, ನೋಟು ಮುಗಿದೂ ಹೋಗುತ್ತದೆ. ಫೋನಿಗೆ ಕ್ಯೂ ಇಲ್ಲ, ನೋಟು ಮುಗಿಯುವುದೂ ಇಲ್ಲ. ಇ-ರೂಪಾಯಿಯಂಥದ್ದು ಏನೂ ಇಲ್ಲದೆಯೇ 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 4,200 ಕೋಟಿ ಡಾಲರ್ ಹೊರಗೆ ಹೋಯಿತು. ಇ-ರೂಪಾಯಿಗೆ ಬಡ್ಡಿ ಕೊಡದಿರುವುದು ಈ ಭಯಕ್ಕೇ. ಡಿಜಿಟಲ್ ಯೂರೋ ಚರ್ಚೆಯಲ್ಲಿ ಒಬ್ಬರಿಗೆ 3,000 ಯೂರೋ ಮಿತಿ ಅನ್ನುವ ಮಾತು ಬಂದದ್ದೂ ಇದಕ್ಕೇ.

ಸದ್ಯಕ್ಕೆ ನಮ್ಮಲ್ಲಿ ಇದೆಲ್ಲ ಕಾಗದದ ಮೇಲಿನ ಭಯ. 2025ರ ಮಾರ್ಚ್ ಕೊನೆಗೆ ಚಲಾವಣೆಯಲ್ಲಿದ್ದ ಇ-ರೂಪಾಯಿ ಸುಮಾರು 1,016 ಕೋಟಿ. ನೋಟುಗಳು 36 ಲಕ್ಷ ಕೋಟಿಗೂ ಜಾಸ್ತಿ. ನನ್ನ ಮಟ್ಟಿಗೆ ಕಾರಣ ಸರಳ: ಮಂಡಿಯಲ್ಲಿ ಯುಪಿಐ ಟಣ್ ಅಂದರೆ ಕೆಲಸ ಮುಗಿಯಿತು. ಯಾರ ಹೊಣೆ ಅಂತ ಸುಮ್ನೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಸ್ಟೇಬಲ್‌ಕಾಯಿನ್ ಎಲ್ಲಿ ಕೂರುತ್ತದೆ

ಸ್ಟೇಬಲ್‌ಕಾಯಿನ್ ಅಂದರೆ ಡಾಲರಿನಂಥ ದುಡ್ಡಿನ ಬೆಲೆಗೆ ಕಟ್ಟಿಹಾಕಿದ ಡಿಜಿಟಲ್ ನಾಣ್ಯ. ಇದು ಕ್ರಿಪ್ಟೋ ಜಾಲದಲ್ಲಿ ಓಡಾಡುತ್ತದೆ, ಆದರೆ ಹಿಂದೆ ಒಂದು ಕಂಪನಿಯ ಹೊಣೆ ಇದೆ. ಹಾಗಾಗಿ ಬಿಟ್‌ಕಾಯಿನ್ ಜೊತೆ ಒಂದೇ ಸಾಲಿನಲ್ಲಿ ಬರೆಯಬೇಡಿ. ಯುಎಸ್‌ಡಿಸಿ ಅನ್ನುವ ಸ್ಟೇಬಲ್‌ಕಾಯಿನ್ ಕೊಡುವ ಸರ್ಕಲ್ ಕಂಪನಿ ತನ್ನ ಮೀಸಲಿನಲ್ಲಿ 330 ಕೋಟಿ ಡಾಲರನ್ನು ಅದೇ ಸಿಲಿಕಾನ್ ವ್ಯಾಲಿ ಬ್ಯಾಂಕಿನಲ್ಲಿ ಇಟ್ಟಿತ್ತು. ಬ್ಯಾಂಕು ಮುಳುಗಿದ ವಾರಾಂತ್ಯ ಒಂದು ಡಾಲರಿನ ಯುಎಸ್‌ಡಿಸಿ 90 ಸೆಂಟ್‌ಗಿಂತ ಕೆಳಗೆ ಇಳಿಯಿತು. ಅಮೆರಿಕ ಸರ್ಕಾರ ಠೇವಣಿಗೆಲ್ಲ ಭರವಸೆ ಕೊಟ್ಟ ಮೇಲೆ ಮತ್ತೆ ಏರಿತು. ಬ್ಯಾಂಕ್ ಬೇಡ ಅಂತ ಹೋದವರ ದುಡ್ಡೂ ಕೊನೆಗೆ ಬ್ಯಾಂಕ್ ಠೇವಣಿಯ ಮೇಲೇ ನಿಂತಿತ್ತು.

ಅಭ್ಯಾಸಕ್ಕೆ ಒಂದು ಲೆಕ್ಕ

ರೈತರಿಗೆ 30,000 ಇ-ರೂಪಾಯಿಯಲ್ಲಿ ಬಂತು. ಅದರಲ್ಲಿ 12,000 ಗೊಬ್ಬರದ ಅಂಗಡಿಯವರ ಇ-ರೂಪಾಯಿ ವ್ಯಾಲೆಟ್‌ಗೆ ಕೊಟ್ಟರು. 10,000 ತಮ್ಮ ಬ್ಯಾಂಕ್ ಖಾತೆಗೆ ಹಾಕಿಕೊಂಡರು. 8,000 ವ್ಯಾಲೆಟ್‌ನಲ್ಲೇ ಉಳಿಸಿಕೊಂಡರು. ಬೆಳಿಗ್ಗೆಗೆ ಹೋಲಿಸಿದರೆ ಬ್ಯಾಂಕುಗಳ ಒಟ್ಟು ಠೇವಣಿ ಎಷ್ಟು ಇಳಿದಿದೆ?

ಉತ್ತರ 20,000. ವ್ಯಾಲೆಟ್‌ಗಳಲ್ಲಿ ಉಳಿದದ್ದಷ್ಟೇ ಠೇವಣಿಯಿಂದ ಹೊರಗಿದೆ. ಇದೇ ಲೆಕ್ಕವನ್ನು ಸ್ವಲ್ಪ ಬದಲಿಸಿ: ಗೊಬ್ಬರದ ಅಂಗಡಿಯಲ್ಲಿ ಇ-ರೂಪಾಯಿ ವ್ಯಾಲೆಟ್ ಇಲ್ಲ, ರೈತರು ತಮ್ಮ ಇ-ರೂಪಾಯಿ ಆ್ಯಪ್‌ನಿಂದ ಅಲ್ಲಿನ ಯುಪಿಐ ಕ್ಯೂಆರ್ ಸ್ಕ್ಯಾನ್ ಮಾಡಿದರು. ಆಗ ಆ 12,000 ಅಂಗಡಿಯವರ ಬ್ಯಾಂಕ್ ಖಾತೆಗೆ ಠೇವಣಿಯಾಗಿ ಸೇರುತ್ತದೆ, ಉತ್ತರ 8,000ಕ್ಕೆ ಇಳಿಯುತ್ತದೆ.