ಮ್ಯಾಕ್ಸ್‌ವೆಲ್ ಸಮೀಕರಣಗಳು: ಯಾವುದು ಯಾವುದಕ್ಕೆ ಆಸರೆ?

ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಇಂಟಿಗ್ರಲ್ ರೂಪದಲ್ಲಿ ಬರೆದು ಎಡಗಡೆಯನ್ನಷ್ಟೇ ನೋಡಿ. ನಾಲ್ಕು ಸಮೀಕರಣ ಇದ್ದರೂ ಅಲ್ಲಿರುವುದು ಎರಡೇ ಬಗೆಯ ಲೆಕ್ಕ. ಇವುಗಳಲ್ಲಿ E ಅಂದರೆ ವಿದ್ಯುತ್ ಕ್ಷೇತ್ರ, B ಅಂದರೆ ಕಾಂತಕ್ಷೇತ್ರ, Q ಚಾರ್ಜ್, I ಕರೆಂಟ್, ΦE ಮತ್ತು ΦB ಆ ಎರಡು ಕ್ಷೇತ್ರಗಳ ಫ್ಲಕ್ಸ್; ε₀, μ₀ ಬದಲಾಗದ ಸಂಖ್ಯೆಗಳು.

```
∮ E·dA = Q/ε₀
∮ B·dA = 0
∮ E·dl = −dΦB/dt
∮ B·dl = μ₀I + μ₀ε₀ dΦE/dt
```

ಮೊದಲ ಎರಡರಲ್ಲಿ ಎಲ್ಲೂ ತೂತಿಲ್ಲದ, ಪೂರ್ತಿ ಮುಚ್ಚಿದ ಮೇಲ್ಮೈ ಇದೆ. ಅದರಿಂದ ಒಟ್ಟು ಎಷ್ಟು ಕ್ಷೇತ್ರ ಹೊರಗೆ ಹೋಗುತ್ತಿದೆ ಅಂತ ಲೆಕ್ಕ ಹಾಕುತ್ತೇವೆ. ಇದನ್ನೇ ಫ್ಲಕ್ಸ್ ಅನ್ನುವುದು. ಕೊನೆಯ ಎರಡರಲ್ಲಿ ಒಂದು ಲೂಪ್ ಇದೆ. ಹೊರಟ ಜಾಗಕ್ಕೇ ಮರಳುವ ದಾರಿಯಲ್ಲಿ ಒಂದು ಸುತ್ತು ಬಂದರೆ, ಕ್ಷೇತ್ರ ಆ ದಾರಿಯುದ್ದಕ್ಕೂ ಒಟ್ಟು ಎಷ್ಟು ಕೂಡಿತು ಅನ್ನುವುದು ಅಲ್ಲಿನ ಲೆಕ್ಕ. ಎರಡೂ ಕಡೆ ಮೇಲ್ಮೈಯೋ ಲೂಪೋ ನಾವು ಮನಸ್ಸಿನಲ್ಲಿ ಎಳೆದುಕೊಂಡದ್ದು. ಅಲ್ಲಿ ಲೋಹವೋ ತಂತಿಯೋ ಇರಲೇಬೇಕು ಅಂತೇನಿಲ್ಲ.

ಪುಸ್ತಕಗಳಲ್ಲಿ ಇವನ್ನು ನಾಲ್ಕು ಬೇರೆ ಬೇರೆ ನಿಯಮಗಳ ಹಾಗೆ ಕಲಿಸುವುದೇ ಜಾಸ್ತಿ. ನನಗಂತೂ ಅವು ಜೋಡಿ ಜೋಡಿಯಾಗಿಯೇ ಕಾಣುತ್ತವೆ. ಎರಡನೆಯದು ಮೂರನೆಯದಕ್ಕೆ ಆಸರೆ, ಮೊದಲನೆಯದು ನಾಲ್ಕನೆಯದಕ್ಕೆ ಆಸರೆ. ಹೇಗೆ ಅಂತ ನೋಡೋಣ.

ಮೊದಲನೆಯದು, ಅಂದರೆ ಗೌಸ್ ನಿಯಮ, ಸರಳ. ವಿದ್ಯುತ್ ಕ್ಷೇತ್ರದ ರೇಖೆಗಳು ಧನ ಚಾರ್ಜ್‌ನಲ್ಲಿ ಹುಟ್ಟಿ ಋಣ ಚಾರ್ಜ್‌ನಲ್ಲಿ ಮುಗಿಯುತ್ತವೆ. ಹಾಗಾಗಿ ಮುಚ್ಚಿದ ಮೇಲ್ಮೈಯಿಂದ ಹೊರಬರುವ ಒಟ್ಟು ಫ್ಲಕ್ಸ್ ನೋಡಿದರೆ ಒಳಗೆ ಎಷ್ಟು ಚಾರ್ಜ್ ಇದೆ ಅಂತ ಹೇಳಬಹುದು. ಇಲ್ಲಿ ಒಂದು ಎಚ್ಚರ ಬೇಕು. ಚಾರ್ಜ್ ಹೊರಗಿದ್ದರೆ ಒಟ್ಟು ಫ್ಲಕ್ಸ್ ಸೊನ್ನೆ, ಆದರೆ ಕ್ಷೇತ್ರ ಸೊನ್ನೆಯಲ್ಲ. ಒಂದು ಕಡೆಯಿಂದ ಒಳಗೆ ಬಂದದ್ದು ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ, ಅಷ್ಟೇ.

ಎರಡನೆಯದು ಇದೇ ಮಾತನ್ನು ಕಾಂತಕ್ಷೇತ್ರಕ್ಕೆ ಹೇಳುತ್ತದೆ. ಅಲ್ಲಿ ಚಾರ್ಜ್‌ಗೆ ಸಮನಾದದ್ದು ಯಾವುದೂ ಇಲ್ಲ. ಆಯಸ್ಕಾಂತವನ್ನು ಎಷ್ಟು ತುಂಡು ಮಾಡಿದರೂ ಬರೀ ಉತ್ತರ ಧ್ರುವ ಕೈಗೆ ಸಿಗುವುದಿಲ್ಲ. ಕಾಂತರೇಖೆಗಳಿಗೆ ಹುಟ್ಟುವ ಜಾಗವೂ ಇಲ್ಲ, ಮುಗಿಯುವ ಜಾಗವೂ ಇಲ್ಲ. ಬಲಗಡೆ ಬರೀ ಸೊನ್ನೆ ಇರುವುದರಿಂದ ಇದನ್ನು ಯಾರೂ ಹೆಚ್ಚು ಗಮನಿಸುವುದಿಲ್ಲ. ಆದರೆ ಈ ಸೊನ್ನೆ ಇಲ್ಲದಿದ್ದರೆ ಫ್ಯಾರಡೆ ನಿಯಮಕ್ಕೆ ಅರ್ಥವೇ ಇರುತ್ತಿರಲಿಲ್ಲ.

1831ರಲ್ಲಿ ಫ್ಯಾರಡೆ ಕಂಡದ್ದನ್ನು ಮೂರನೆಯ ಸಮೀಕರಣ ಹೇಳುತ್ತದೆ. ಲೂಪ್‌ನ ಮೂಲಕ ಹಾಯುವ ಕಾಂತ ಫ್ಲಕ್ಸ್ ಬದಲಾದರೆ, ಆ ಲೂಪ್‌ನ ಸುತ್ತ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಸರಿ, ‘ಲೂಪ್‌ನ ಮೂಲಕ’ ಅಂದರೆ ಯಾವ ಮೇಲ್ಮೈಯ ಮೂಲಕ? ಒಂದೇ ಅಂಚಿಗೆ ಚಪ್ಪಟೆ ಮೇಲ್ಮೈ ಹೊಂದಿಸಬಹುದು, ಉಬ್ಬಿದ್ದನ್ನೂ ಹೊಂದಿಸಬಹುದು. ಎರಡನ್ನೂ ಸೇರಿಸಿದರೆ ಒಂದು ಮುಚ್ಚಿದ ಮೇಲ್ಮೈ ಆಗುತ್ತದೆ ಅಲ್ವಾ? ಎರಡನೆಯ ಸಮೀಕರಣದ ಪ್ರಕಾರ ಅದರಿಂದ ಒಟ್ಟು ಏನೂ ಹೊರಗೆ ಹೋಗುವಂತಿಲ್ಲ. ಅಂದರೆ ಚಪ್ಪಟೆ ಮೇಲ್ಮೈಯಲ್ಲಿ ಹೊಕ್ಕಷ್ಟೇ ಫ್ಲಕ್ಸ್ ಉಬ್ಬಿದ ಮೇಲ್ಮೈಯಲ್ಲೂ ಹೊರಬರಬೇಕು. ಯಾವುದನ್ನು ಆರಿಸಿಕೊಂಡರೂ ಉತ್ತರ ಒಂದೇ.

ನನ್ನ ಕೆಲಸ ಸರ್ಕ್ಯೂಟ್ ಅಳೆಯುವುದು. ಹಾಗಾಗಿ ಫ್ಯಾರಡೆ ನಿಯಮ ನನಗೆ ಜಾಸ್ತಿ ಎದುರಾಗುವುದು ಆಸಿಲೋಸ್ಕೋಪ್‌ನ ಪರದೆಯ ಮೇಲೆ, ಅದೂ ತಲೆನೋವಾಗಿ. ಪ್ರೋಬ್‌ನ ತುದಿ ಒಂದು ಕಡೆ ಮುಟ್ಟುತ್ತದೆ, ಗ್ರೌಂಡ್ ತಂತಿಯ ಕ್ಲಿಪ್ ಇನ್ನೊಂದು ಕಡೆ. ನಡುವೆ ನಮಗೆ ಬೇಡದಿದ್ದರೂ ಒಂದು ಲೂಪ್ ಆಗಿಬಿಡುತ್ತದೆ. ಅದರ ವಿಸ್ತೀರ್ಣ 10 ಚದರ ಸೆಂ.ಮೀ. ಇರಲಿ. ಅಲ್ಲಿಂದ 3 ಸೆಂ.ಮೀ. ದೂರದ ತಂತಿಯಲ್ಲಿ ಕರೆಂಟ್ 10 ನ್ಯಾನೊಸೆಕೆಂಡ್‌ನಲ್ಲಿ ಸೊನ್ನೆಯಿಂದ 1 ಆಂಪಿಯರ್‌ಗೆ ಏರುತ್ತದೆ ಅಂದುಕೊಳ್ಳಿ. ಸ್ವಿಚಿಂಗ್ ಪವರ್ ಸಪ್ಲೈಗಳಲ್ಲಿ ಇದೇನೂ ವಿಶೇಷವಲ್ಲ. ಕರೆಂಟ್ ವಾಪಸ್ ಬರುವ ತಂತಿ ದೂರದಲ್ಲಿದೆ, ಲೂಪ್ ಪೂರ್ತಿ ಫ್ಲಕ್ಸ್ ಹಿಡಿಯುವಂತೆ ನಿಂತಿದೆ ಅಂತಲೂ ಇಟ್ಟುಕೊಳ್ಳೋಣ.

1 ಆಂಪಿಯರ್‌ಗೆ 3 ಸೆಂ.ಮೀ. ದೂರದಲ್ಲಿ ಕಾಂತಕ್ಷೇತ್ರ ಸುಮಾರು 6.7 ಮೈಕ್ರೊಟೆಸ್ಲಾ. ಇದನ್ನು ವಿಸ್ತೀರ್ಣದಿಂದ ಗುಣಿಸಿ, 10 ನ್ಯಾನೊಸೆಕೆಂಡ್‌ನಿಂದ ಭಾಗಿಸಿ. ಸುಮಾರು 0.67 ವೋಲ್ಟ್ ಬರುತ್ತದೆ. ಸರ್ಕ್ಯೂಟ್‌ನಲ್ಲಿ ಇಲ್ಲವೇ ಇಲ್ಲದ ಒಂದು ಸ್ಪೈಕ್ ಪರದೆ ಮೇಲೆ ಠಾಕುಠೀಕಾಗಿ ನಿಂತಿರುತ್ತದೆ! ಅದನ್ನು ತೆಗೆಯಲು ಫಿಲ್ಟರ್ ಹಾಕುತ್ತಾ ಕೂತರೆ ದಿನ ಕಳೆಯುತ್ತದೆ, ಸ್ಪೈಕ್ ಹೋಗುವುದಿಲ್ಲ.

ಇದನ್ನು ಪತ್ತೆ ಮಾಡುವುದು ಸುಲಭ. ಪ್ರೋಬ್ ಅದೇ ಜಾಗದಲ್ಲಿರಲಿ. ಅದರ ತುದಿಯನ್ನು ಅದರದೇ ಗ್ರೌಂಡ್ ಕ್ಲಿಪ್‌ಗೆ ಮುಟ್ಟಿಸಿ. ಈಗ ಎರಡೂ ಒಂದೇ ಬಿಂದು, ಸೊನ್ನೆ ಕಾಣಬೇಕು. ಸ್ಪೈಕ್ ಇನ್ನೂ ಇದ್ದರೆ ಅದರಲ್ಲಿ ಲೂಪ್‌ನ ಪಾಲಿದೆ ಅಂತ ಅರ್ಥ. ತಂತಿಯನ್ನು ಪ್ರೋಬ್‌ಗೆ ಒತ್ತಿ ಲೂಪ್ ಚಿಕ್ಕದು ಮಾಡಿದರೆ ಸ್ಪೈಕ್ ಕುಗ್ಗುತ್ತದೆ, ಲೂಪನ್ನು ತಿರುಗಿಸಿದರೂ ಬದಲಾಗುತ್ತದೆ. ಪ್ರೋಬ್‌ನ ಮೂತಿಗೇ ಸಿಕ್ಕಿಸುವ ಪುಟ್ಟ ಗ್ರೌಂಡ್ ಸ್ಪ್ರಿಂಗ್ ಇರುವುದು ಇದಕ್ಕೇ. ಲೂಪ್‌ನ ಸುತ್ತ ವೋಲ್ಟೇಜ್‌ಗಳನ್ನು ಕೂಡಿದರೆ ಸೊನ್ನೆ ಅನ್ನುವ ಕರ್ಚಾಫ್ ನಿಯಮ, ಫ್ಲಕ್ಸ್ ಬದಲಾಗುತ್ತಿರುವ ಲೂಪ್‌ಗೆ ಹಾಗೆಯೇ ಅನ್ವಯಿಸುವುದಿಲ್ಲ. ಎಷ್ಟು ತಪ್ಪುತ್ತದೆ ಅನ್ನುವುದನ್ನು ಮೂರನೆಯ ಸಮೀಕರಣದ ಬಲಗಡೆ ಹೇಳುತ್ತದೆ.

ಈಗ ನಾಲ್ಕನೆಯದು. ಮ್ಯಾಕ್ಸ್‌ವೆಲ್‌ಗಿಂತ ಮುಂಚೆ ಇದರಲ್ಲಿ μ₀I ಮಾತ್ರ ಇತ್ತು. ತಂತಿಯಲ್ಲಿ ಕರೆಂಟ್ ಹರಿದರೆ ಸುತ್ತ ಕಾಂತಕ್ಷೇತ್ರ ಇರುತ್ತದೆ ಅನ್ನುವುದು ಆಂಪಿಯರ್ ನಿಯಮ. ನಿರಂತರ ಒಂದೇ ಸಮ ಹರಿಯುವ ಕರೆಂಟ್‌ಗೆ ಅದು ಸರಿ. ಆದರೆ ಚಾರ್ಜ್ ಆಗುತ್ತಿರುವ ಕೆಪಾಸಿಟರ್ ಹತ್ತಿರ ಹೋದರೆ ಅದೇ ಹಳೇ ಪ್ರಶ್ನೆ ಏಳುತ್ತದೆ: ಯಾವ ಮೇಲ್ಮೈ?

ಎರಡು ದುಂಡು ತಟ್ಟೆಗಳು. ತ್ರಿಜ್ಯ 5 ಸೆಂ.ಮೀ., ನಡುವೆ 1 ಮಿ.ಮೀ. ಗಾಳಿ. ತಂತಿಯಲ್ಲಿ 0.1 ಆಂಪಿಯರ್ ಬರುತ್ತಿದೆ. ತಂತಿಯ ಸುತ್ತ ಒಂದು ಲೂಪ್ ಎಳೆಯಿರಿ. ಅದಕ್ಕೆ ಚಪ್ಪಟೆ ಮೇಲ್ಮೈ ಹೊಂದಿಸಿದರೆ ತಂತಿ ಅದನ್ನು ತೂರಿ ಹೋಗುತ್ತದೆ, ಕರೆಂಟ್ 0.1 ಆಂಪಿಯರ್. ಈಗ ಅದೇ ಲೂಪ್ ಬಾಯಿಯಾಗಿರುವ ಚೀಲದಂಥ ಮೇಲ್ಮೈ ತೆಗೆದುಕೊಳ್ಳಿ. ಚೀಲ ಒಂದು ತಟ್ಟೆಯನ್ನು ಒಳಗೆ ಹಾಕಿಕೊಂಡಿದೆ, ಅದರ ತಳ ಎರಡು ತಟ್ಟೆಗಳ ನಡುವಿನ ಗಾಳಿಯಲ್ಲಿದೆ. ಈ ಚೀಲವನ್ನು ಯಾವ ತಂತಿಯೂ ತೂರುವುದಿಲ್ಲ, ಕರೆಂಟ್ ಸೊನ್ನೆ. ಲೂಪ್ ಒಂದೇ, ಎಡಗಡೆಯ ಲೆಕ್ಕ ಒಂದೇ, ಬಲಗಡೆ ಮಾತ್ರ ಎರಡು ಉತ್ತರ. ಹೀಗಾದರೆ ಅದು ನಿಯಮವೇ ಅಲ್ಲ.

ದಾರಿ ತೋರಿಸುವುದು ಗೌಸ್ ನಿಯಮ. ಚಪ್ಪಟೆ ಮೇಲ್ಮೈಯನ್ನೂ ಚೀಲವನ್ನೂ ಸೇರಿಸಿದರೆ ಮುಚ್ಚಿದ ಮೇಲ್ಮೈ. ಒಳಗಿರುವುದು ಒಂದು ತಟ್ಟೆ, ಅದರ ಮೇಲೆ ಚಾರ್ಜ್ Q. ಹೊರಗೆ ಹೋಗುವ ಫ್ಲಕ್ಸ್ Q/ε₀, ಅದೆಲ್ಲ ಹೆಚ್ಚುಕಡಿಮೆ ಚೀಲದ ತಳದಿಂದಲೇ ಹೋಗುತ್ತದೆ. ಕರೆಂಟ್ ಬರುತ್ತಿದ್ದಂತೆ Q ಏರುತ್ತದೆ. ಆದ್ದರಿಂದ ಫ್ಲಕ್ಸ್ ಏರುವ ವೇಗವನ್ನು ε₀ ಯಿಂದ ಗುಣಿಸಿದರೆ ಸಿಗುವುದು ಸರಿಯಾಗಿ I. ತಂತಿಯಲ್ಲಿ ಕರೆಂಟ್ ಇದ್ದಷ್ಟೇ ಪ್ರಮಾಣದ ε₀ dΦE/dt ಗಾಳಿಯಲ್ಲಿದೆ. ಇದೇ ಡಿಸ್‌ಪ್ಲೇಸ್‌ಮೆಂಟ್ ಕರೆಂಟ್. ಎರಡನ್ನೂ ಕೂಡಿ ಬರೆದರೆ ಯಾವ ಮೇಲ್ಮೈ ಹಿಡಿದರೂ ಉತ್ತರ ಬದಲಾಗುವುದಿಲ್ಲ. ಗಾಳಿಯಲ್ಲಿ ಚಾರ್ಜ್ ಏನೂ ದಾಟುತ್ತಿಲ್ಲ ಅನ್ನುವುದನ್ನು ಮಾತ್ರ ಮರೆಯಬಾರದು. ಅಲ್ಲಿ ಬದಲಾಗುತ್ತಿರುವುದು ಬರೀ ಕ್ಷೇತ್ರ.

ಅಂಕಿಗಳನ್ನು ಹಾಕಿ ನೋಡೋಣ. ಈ ಕೆಪಾಸಿಟರ್‌ನ ಬೆಲೆ ಸುಮಾರು 70 ಪಿಕೊಫ್ಯಾರಡ್. 0.1 ಆಂಪಿಯರ್ ಬಂದರೆ ತಟ್ಟೆಗಳ ನಡುವಿನ ವೋಲ್ಟೇಜ್ ಪ್ರತಿ ನ್ಯಾನೊಸೆಕೆಂಡ್‌ಗೆ ಸುಮಾರು 1.4 ವೋಲ್ಟ್ ಏರುತ್ತದೆ. ತಟ್ಟೆಗಳ ನಡುವೆ, ಅಂಚಿನ ಹತ್ತಿರ, ಕಾಂತಕ್ಷೇತ್ರ 0.4 ಮೈಕ್ರೊಟೆಸ್ಲಾ. ತಂತಿಯಿಂದ 5 ಸೆಂ.ಮೀ. ದೂರದಲ್ಲೂ ಅಷ್ಟೇ ಇರುತ್ತದೆ. ಮಧ್ಯದಿಂದ 2.5 ಸೆಂ.ಮೀ.ಗೆ ಬಂದರೆ ಲೂಪ್‌ನ ಒಳಗೆ ಸಿಗುವುದು ನಾಲ್ಕನೇ ಒಂದು ಭಾಗ ಫ್ಲಕ್ಸ್. ಲೂಪ್‌ನ ಸುತ್ತಳತೆಯೂ ಅರ್ಧವಾಗಿರುವುದರಿಂದ ಕ್ಷೇತ್ರ 0.2 ಮೈಕ್ರೊಟೆಸ್ಲಾ. ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ಸ್ವಲ್ಪ ಹೊರಗೆ ಬಾಗುತ್ತದೆ, ಆದರೆ ತಟ್ಟೆ ಇಷ್ಟು ಅಗಲವಾಗಿ, ಅಂತರ ಇಷ್ಟು ಕಡಿಮೆ ಇರುವಾಗ ಅದನ್ನು ಬಿಡಬಹುದು.

ಇದು ಎಷ್ಟು ಹೊತ್ತು ನಡೆದೀತು? 1 ಮಿ.ಮೀ. ಗಾಳಿ ತಡೆಯುವುದು ಸುಮಾರು 3000 ವೋಲ್ಟ್. ಹೆಚ್ಚೆಂದರೆ 2 ಮೈಕ್ರೊಸೆಕೆಂಡ್, ಆಮೇಲೆ ಕಿಡಿ ಹಾರುತ್ತದೆ. ಸರಿ, ಎಸಿ ಕೊಡೋಣ ಅಂದರೆ, 50 ಹರ್ಟ್ಸ್‌ನಲ್ಲಿ ಇದೇ 0.1 ಆಂಪಿಯರ್ ಹರಿಸಲು ಸುಮಾರು 46 ಲಕ್ಷ ವೋಲ್ಟ್ ಬೇಕು! 1 ಕೋಟಿ ಹರ್ಟ್ಸ್‌ಗೆ ಹೋದರೆ 23 ವೋಲ್ಟ್ ಸಾಕು. ಬದಲಾವಣೆ ಬಹಳ ವೇಗವಾಗಿ ಆಗದಿದ್ದರೆ ಈ ಪದ ಕಣ್ಣಿಗೆ ಬೀಳುವುದೇ ಇಲ್ಲ. ಆಂಪಿಯರ್ ಕಾಲದ ಬ್ಯಾಟರಿ, ತಂತಿ, ದಿಕ್ಸೂಚಿಗಳಲ್ಲಿ ಇದು ಸಿಗುವ ಹಾಗೇ ಇರಲಿಲ್ಲ. 1860ರ ದಶಕದ ಆರಂಭದಲ್ಲಿ ಮ್ಯಾಕ್ಸ್‌ವೆಲ್ ಇದನ್ನು ಸೇರಿಸಿದ್ದು ಯಾವುದೋ ಮೀಟರ್ ತೋರಿಸಿತು ಅಂತಲ್ಲ. ಅವರು ಮೊದಲು ಇದಕ್ಕೆ ಬಂದದ್ದು ಯಂತ್ರದಂಥ ಒಂದು ಮಾದರಿಯ ಮೂಲಕ. ಮೇಲಿನ ಚೀಲದ ವಾದ ಆಮೇಲಿನ ಪಾಠಗಳದ್ದು.

ಈಗ ಚಾರ್ಜ್, ತಂತಿ ಎರಡನ್ನೂ ತೆಗೆದುಬಿಡಿ. Q ಸೊನ್ನೆ, I ಸೊನ್ನೆ. ಕೊನೆಯ ಎರಡು ಸಮೀಕರಣಗಳು ಆಗಲೂ ಸುಮ್ನೆ ಕೂರುವುದಿಲ್ಲ. B ಬದಲಾದರೆ ಸುತ್ತ E, ಆ E ಬದಲಾದರೆ ಸುತ್ತ B. ಇದು ಅಲೆಯಾಗಿ ಸಾಗುವ ವೇಗ 1/√(μ₀ε₀). ವೆಬರ್ ಮತ್ತು ಕೋಲ್‌ರಾಶ್ 1856ರಲ್ಲಿ ಬರೀ ವಿದ್ಯುತ್ ಪ್ರಯೋಗಗಳಿಂದ ಅಳೆದ ಸಂಖ್ಯೆಯಿಂದ ಈ ವೇಗ ಸೆಕೆಂಡಿಗೆ ಸುಮಾರು 3,10,000 ಕಿ.ಮೀ. ಅಂತ ಬಂತು. ಫಿಜೋ 1849ರಲ್ಲಿ ಅಳೆದಿದ್ದ ಬೆಳಕಿನ ವೇಗ ಸುಮಾರು 3,15,000 ಕಿ.ಮೀ. ಇಷ್ಟು ಹತ್ತಿರ ಇದ್ದದ್ದನ್ನು ಕಂಡೇ ಮ್ಯಾಕ್ಸ್‌ವೆಲ್ ಬೆಳಕೂ ಇದೇ ಅಲೆ ಅಂದರು.

ಪ್ರಯೋಗದಲ್ಲಿ ಅಂಥ ಅಲೆಯನ್ನು ಎಬ್ಬಿಸಿ ಹಿಡಿದು ತೋರಿಸಿದ್ದು ಹರ್ಟ್ಸ್, 1887-88ರ ಹೊತ್ತಿಗೆ. ಅವರು ಬಳಸಿದ್ದು ಕಿಡಿ. ಕಿಡಿ ಹಾರಿದಾಗ ಅವರ ಉಪಕರಣದಲ್ಲಿ ಕರೆಂಟ್ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಹಿಂದೆ ಮುಂದೆ ತೂಗುತ್ತಿತ್ತು. ಅಷ್ಟು ವೇಗದಲ್ಲಿ ನಾಲ್ಕನೆಯ ಸಮೀಕರಣದ ಆ ಕೊನೆಯ ಪದ ಸಣ್ಣದಾಗಿ ಉಳಿಯುವುದಿಲ್ಲ.